30 ಕಿಲೋಮೀಟರ್ ದಾರಿಯಲ್ಲಿ ಹುಟ್ಟಿದ ಆಕರ್ಷಣೆ: ಒಂದು ಪ್ರಕರಣ ಅಧ್ಯಯನ

ನಾನು ಆಪ್ತಸಮಾಲೋಚಕಿ. ಮಲೆನಾಡಿನ ಒಂದು ಊರಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಬರುವವರ ಹೆಸರು, ಊರು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಬರೆದದ್ದನ್ನು ಓದಿ ಎರಡು ಕಡೆ ತಿದ್ದಿಸಿಯೂ ಇದ್ದಾರೆ. ಆಕೆಯನ್ನು ಸುಮಾ ಎಂದೂ ಗಂಡನನ್ನು ಪ್ರಕಾಶ್ ಎಂದೂ ಕರೆಯುತ್ತೇನೆ. ಇನ್ನೊಬ್ಬರಿಗೆ ಹೆಸರು ಬೇಡ, ಮೇಷ್ಟ್ರು ಅಂದರೆ ಸಾಕು.

ಹಿನ್ನೆಲೆ

ಸುಮಾ ಅವರಿಗೆ 39 ವರ್ಷ. ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಮದುವೆಯಾಗಿ 14 ವರ್ಷ, 12 ವರ್ಷದ ಮಗಳು. ಪ್ರಕಾಶ್ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತಾರೆ, ಜೊತೆಗೆ ಎರಡು ಎಕರೆ ಅಡಿಕೆ ತೋಟ. ಕುಡಿತ ಇಲ್ಲ, ಹೊಡೆತ ಬಡಿತ ಇಲ್ಲ. ಮಾತು ಕಡಿಮೆ. ಮನೆಯಲ್ಲಿ ಪ್ರಕಾಶ್ ಅವರ ತಾಯಿ ಇದ್ದಾರೆ. ಸುಮಾ ನನ್ನ ಹತ್ತಿರ ಬರುವುದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು ಆ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಹಗಲು ಒಬ್ಬ ಕೆಲಸದಾಕೆ ಬಂದು ನೋಡಿಕೊಳ್ಳುತ್ತಿದ್ದರು. ರಾತ್ರಿಯ ಡೈಪರ್, ಮಾತ್ರೆ, ಮಗ್ಗುಲು ಬದಲಾಯಿಸುವುದು ಎಲ್ಲವೂ ಸುಮಾ ಅವರದ್ದೇ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಹಾಗೇ ಆಗಿಹೋಗಿತ್ತು.

ಶಾಲೆ ಮನೆಯಿಂದ 30 ಕಿಲೋಮೀಟರ್. ಮೊದಲು ನಾಲ್ಕು ಜನ ಶಿಕ್ಷಕರು ಸೇರಿ ಮೇಷ್ಟ್ರ ಕಾರಿನಲ್ಲಿ ಹೋಗುತ್ತಿದ್ದರು, ಪೆಟ್ರೋಲ್ ಖರ್ಚು ಹಂಚಿಕೊಂಡು. ವರ್ಗಾವಣೆಯಲ್ಲಿ ಇಬ್ಬರು ಬೇರೆ ಕಡೆ ಹೋದರು. ಕಾರಿನಲ್ಲಿ ಉಳಿದದ್ದು ಇಬ್ಬರೇ. ಇದು ಸಣ್ಣ ಸಂಗತಿ ಅನಿಸಬಹುದು. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲೇ ಇದೆ. ಹೋಗುವಾಗ 45 ನಿಮಿಷ, ಬರುವಾಗ 45 ನಿಮಿಷ. ದಿನಕ್ಕೆ ಒಂದೂವರೆ ಗಂಟೆ ಒಬ್ಬ ಮನುಷ್ಯ ಅವರ ಮಾತು ಕೇಳುತ್ತಿದ್ದ. ಮನೆಯಲ್ಲಿ ಗಂಡ ಹೆಂಡತಿ ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತೀರಿ ಎಂದು ಆಮೇಲೊಮ್ಮೆ ಕೇಳಿದೆ. ಸುಮಾ ಲೆಕ್ಕ ಹಾಕಿ ಹೇಳಿದರು: "ಹತ್ತು ನಿಮಿಷ ಇರಬಹುದು ಮೇಡಂ. ಅದೂ ಅಮ್ಮನ ಮಾತ್ರೆ, ಮಗಳ ಫೀಸು."

ಸಮಸ್ಯೆ

ಮೊದಲ ದಿನ ಸುಮಾ ಬಂದು ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮಾರು 20 ನಿಮಿಷ ಅತ್ತೆಯ ಆರೋಗ್ಯದ ಬಗ್ಗೆಯೇ ಮಾತಾಡಿದರು. ಎದ್ದು ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಹೇಳಿದರು. "ನಾನು ಕೆಟ್ಟವಳು ಮೇಡಂ. ಮನಸ್ಸಲ್ಲಿ ಬೇರೆಯವರಿದ್ದಾರೆ." ಈ ಕೆಲಸದಲ್ಲಿ ಇದು ಹೊಸದಲ್ಲ, ನಿಜವಾದ ವಿಷಯ ಬಾಗಿಲ ಹತ್ತಿರವೇ ಬರುತ್ತದೆ. ಮತ್ತೆ ಕೂರಿಸಿದೆ.

ನಡೆದದ್ದು ಇಷ್ಟು. ಕಾರಿನ ಮಾತು ಶಾಲೆಯಿಂದ ಮನೆಗೆ, ಮನೆಯಿಂದ ಮನಸ್ಸಿಗೆ ಬಂದಿತ್ತು. ರಾತ್ರಿ "ಊಟ ಆಯ್ತಾ?" ಎಂಬ ಮೆಸೇಜ್ ಬರಲು ಶುರುವಾಯಿತು. ಮೊದಮೊದಲು ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಒಂದು ದಿನ ಮಗಳು ಫೋನ್ ಕೇಳಿದಾಗ ಸುಮಾ ಕೊಡುವ ಮೊದಲು ಆ ಮೆಸೇಜುಗಳನ್ನು ಅಳಿಸಿದರು. ಅಳಿಸಿದ ಮೇಲೆ ಯಾಕೆ ಅಳಿಸಿದೆ ಎಂದು ಗಾಬರಿಯಾಯಿತು. ಇಬ್ಬರೂ ಪರಸ್ಪರ ಏನನ್ನೂ ಹೇಳಿಕೊಂಡಿರಲಿಲ್ಲ, ಮುಟ್ಟಿರಲಿಲ್ಲ. ಆದರೆ ಸುಮಾ ಅವರಿಗೆ ಬೆಳಿಗ್ಗೆ ಸೀರೆ ಆರಿಸುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು. ಭಾನುವಾರ ಬಂದರೆ ಬೇಸರ. ಗಂಡನ ಮೇಲೆ ಸುಮ್ನೆ ಸಿಡುಕು. ಆಮೇಲೆ ತಪ್ಪು ಮಾಡಿದೆ ಅನಿಸಿ ಅವರಿಗೆ ಇಷ್ಟವಾದ ಅಡುಗೆ.

ನಾನು ಮೊದಲು ನೋಡಿದ್ದು ಅಪಾಯ ಏನಾದರೂ ಇದೆಯಾ ಎಂದು. ನಾಚಿಕೆ ಈ ಮಟ್ಟಕ್ಕೆ ಹೋದಾಗ ಸಾಯುವ ಯೋಚನೆಯ ಬಗ್ಗೆ ನೇರವಾಗಿಯೇ ಕೇಳಬೇಕು. "ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನಿಸುತ್ತೆ, ಆದ್ರೆ ಏನೂ ಮಾಡ್ಕೊಳ್ಳಲ್ಲ" ಎಂದರು. ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ. ಮನೋವೈದ್ಯರಿಗೂ ತೋರಿಸಿದೆವು. ಸದ್ಯಕ್ಕೆ ಮಾತ್ರೆ ಬೇಡ, ಗಮನಿಸೋಣ ಎಂದರು. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಕರೆ ಮಾಡಲಿ ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಬರೆದುಕೊಟ್ಟೆ.

ಅವರಿಗೆ ಇನ್ನೊಂದು ಭಯವೂ ಇತ್ತು. ಇದು ಕಾನೂನಿನ ಪ್ರಕಾರ ಅಪರಾಧವಾ ಎಂದು ಕೇಳಿದರು. ವ್ಯಭಿಚಾರವನ್ನು ಅಪರಾಧ ಎಂದಿದ್ದ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿದೆ. ಅದು ಇದ್ದಾಗಲೂ ಶಿಕ್ಷೆ ಇದ್ದದ್ದು ಗಂಡಸಿಗೆ, ಅದೂ ದೈಹಿಕ ಸಂಬಂಧಕ್ಕೆ. ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗಬಹುದು, ಆದರೆ ಮನಸ್ಸಿನ ಸೆಳೆತ ಯಾವ ಕಲಮಿನಡಿಯೂ ಬರುವುದಿಲ್ಲ. ಇಷ್ಟು ಹೇಳಿದ ಮೇಲೆ ಅವರು ನೀರು ಕುಡಿದರು.

ನನ್ನ ಬಳಿ ಬರುವ ಮೊದಲು ಮಾಡಿದ್ದು

ಸುಮಾ ಸುಮ್ಮನೆ ಕೂತಿರಲಿಲ್ಲ. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮುಂದೆ, ಇನ್ನು ಮುಂದೆ ಅವರನ್ನು ನೆನೆಯುವುದಿಲ್ಲ ಎಂದು ಆಣೆ ಮಾಡಿ ಬಂದಿದ್ದರು. ಸೋಮವಾರ ಉಪವಾಸ ಹಿಡಿದಿದ್ದರು. ಬರುವಾಗ ಬಸ್ಸಿನಲ್ಲಿ, ಘಾಟಿ ಹತ್ತುವಷ್ಟರಲ್ಲಿ ಮೇಷ್ಟ್ರ ನೆನಪು ಬಂತು. ಮೊದಲು ಗಂಡನಿಗೆ ಮೋಸ ಅನಿಸುತ್ತಿದ್ದದ್ದು ಈಗ ದೇವರಿಗೂ ಮೋಸ ಅನಿಸಿತು. ದೇವರ ಮನೆಯಲ್ಲಿ ದೀಪ ಹಚ್ಚಲು ಕೈ ನಡುಗುತ್ತಿತ್ತಂತೆ.

ನಂಬಿಕೆಯನ್ನು ನಾನು ಹಗುರ ಮಾಡಲು ಹೋಗಲಿಲ್ಲ. ಆದರೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದರು, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ, ಈಗ ಯೋಚಿಸಿ ಎಂದಾಗ, ಮೊದಲು ತಡೆದುಕೊಂಡವರಿಗೆ ಕರಡಿ ಇನ್ನೂ ಜಾಸ್ತಿ ಬಂತು. ಮನಸ್ಸಿಗೆ ಬರಬಾರದು ಎಂದು ಕಾವಲು ಕೂತವರು ಬಂತಾ, ಬಂತಾ ಎಂದು ಅದನ್ನೇ ನೋಡುತ್ತಿರಬೇಕಾಗುತ್ತದೆ. "ಆಣೆ ತಪ್ಪಿದ್ದು ನಿಮ್ಮ ಭಕ್ತಿ ಕಡಿಮೆಯಾಗಿ ಅಲ್ಲ. ಯಾರ ಕೈಲೂ ಆಗದ್ದಕ್ಕೆ ಆಣೆ ಹಾಕಿದ್ರಿ. ಯೋಚನೆ ಬರೋದು ನಿಮ್ಮ ಕೈಲಿಲ್ಲ. ಬಂದ ಮೇಲೆ ಏನು ಮಾಡ್ತೀರಿ ಅನ್ನೋದು ಇದೆ" ಎಂದೆ.

ಇನ್ನೊಂದು ಪ್ರಯತ್ನ ನಂಬರ್ ಬ್ಲಾಕ್ ಮಾಡಿದ್ದು. ಮೂರು ದಿನ ಇಟ್ಟು ತೆಗೆದರು. ತೆಗೆದ ರಾತ್ರಿ ಮೆಸೇಜ್ ಬಂದಾಗ ಆದ ಖುಷಿ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲವಂತೆ. ಹೀಗೆ ನಾಲ್ಕು ಸಲ ನಡೆಯಿತು. ಇಂಥ ತೀವ್ರ ಸೆಳೆತಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನೋವ್ 1979ರ ತಮ್ಮ ಪುಸ್ತಕದಲ್ಲಿ ಲಿಮರೆನ್ಸ್ ಎಂದು ಕರೆದರು. ಅವರು ಗುರುತಿಸಿದ ಮುಖ್ಯ ಸಂಗತಿ ಏನೆಂದರೆ ಇದು ಬೆಳೆಯುವುದು ಅನುಮಾನದ ಮೇಲೆ. ಅವರಿಗೂ ಹಾಗೇ ಅನಿಸುತ್ತಾ, ಇಲ್ಲವಾ? ಪೂರ್ತಿ ಹೌದು ಎಂದು ಗೊತ್ತಾದರೂ ಕಾವು ಇಳಿಯುತ್ತದೆ, ಪೂರ್ತಿ ಇಲ್ಲ ಎಂದು ಗೊತ್ತಾದರೂ ಇಳಿಯುತ್ತದೆ. ನಡುವೆ ತೂಗಾಡುತ್ತಿದ್ದರೆ ಏರುತ್ತಲೇ ಇರುತ್ತದೆ. ಬ್ಲಾಕ್ ಮಾಡಿ ತೆಗೆಯುವುದು ಅಂದರೆ ಆ ತೂಗಾಟವನ್ನು ತಾವೇ ಜೋರು ಮಾಡಿದ ಹಾಗೆ.

ನಾನು ಮಾಡಿದ ತಪ್ಪು

ಎರಡನೇ ಭೇಟಿಯಲ್ಲಿ ನಾನು ಕೇಳಬಾರದ ಹೊತ್ತಿಗೆ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಮದುವೆಯಲ್ಲಿ ಏನು ಕೊರತೆ ಇದೆ ಅನಿಸುತ್ತೆ?" ಎಲ್ಲರೂ ಕೇಳುವ ಪ್ರಶ್ನೆಯೇ. ಸುಮಾ ಮುಂದಿನ ವಾರ ಪಟ್ಟಿ ಹಿಡಿದು ಬಂದರು. ಪ್ರಕಾಶ್ ಹೊಸ ಸೀರೆ ಉಟ್ಟರೂ ನೋಡುವುದಿಲ್ಲ, ಊಟ ಮಾಡಿ ತಟ್ಟೆ ಹಾಗೇ ಬಿಟ್ಟು ಏಳುತ್ತಾರೆ, ಹನಿಮೂನಿಗೆ ಹೋಗಿದ್ದಾಗಲೂ ಸಂಘದ ಲೆಕ್ಕ ಮಾತಾಡಿದ್ದರು. 14 ವರ್ಷ ಸಹಜವಾಗಿ ಬಾಳಿದ ಮದುವೆ ಒಂದು ವಾರದಲ್ಲಿ ಕೆಟ್ಟ ಮದುವೆಯಾಗಿತ್ತು. ಆ ವಾರ ಮೆಸೇಜುಗಳೂ ಹೆಚ್ಚಾಗಿದ್ದವು.

ಸೆಳೆತದಲ್ಲಿರುವ ಮನಸ್ಸು ಕಾರಣ ಹುಡುಕುತ್ತಿರುತ್ತದೆ. ಆ ಹೊತ್ತಿಗೆ ಕೊರತೆ ಏನು ಎಂದು ಕೇಳಿದರೆ ನಾವೇ ಕಾರಣ ಒದಗಿಸಿದ ಹಾಗಾಗುತ್ತದೆ. ಒಂದು ಕಡೆ ಕಾರಿನಲ್ಲಿ ಇಸ್ತ್ರಿ ಹಾಕಿದ ಅಂಗಿಯಲ್ಲಿ ಕೂತ ಮನುಷ್ಯ, ಇನ್ನೊಂದು ಕಡೆ ರಾತ್ರಿ ಹತ್ತಕ್ಕೆ ದಣಿದು ಬಂದ ಗಂಡ. ಈ ಹೋಲಿಕೆಯಲ್ಲಿ ಯಾವ ಗಂಡನೂ ಗೆಲ್ಲಲಾರ. ನನ್ನ ಪ್ರಶ್ನೆ ತಪ್ಪು ಸಮಯಕ್ಕೆ ಬಂತು ಎಂದು ಸುಮಾ ಅವರಿಗೆ ಹೇಳಿಯೇ ಪಟ್ಟಿಯನ್ನು ಪಕ್ಕಕ್ಕಿಟ್ಟೆ.

ಅದರ ಬದಲು ಒಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ನೆನಪು ಬಂದಾಗಲೆಲ್ಲ ಮೂರೇ ವಿಷಯ ಬರೆಯಬೇಕು: ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದೆ, ನೆನಪಲ್ಲಿ ಏನಿತ್ತು. ಮನೆಯಲ್ಲಿ ಯಾರಾದರೂ ನೋಡಿದರೆ ಎಂಬ ಭಯಕ್ಕೆ ಹೆಸರಿನ ಬದಲು ಒಂದು ಚುಕ್ಕೆ. ಎರಡು ವಾರದಲ್ಲಿ 41 ಸಲ ಬರೆದಿದ್ದರು. ಕಾರಿನಲ್ಲಿ ಬಂದ ನೆನಪುಗಳೇ ಹೆಚ್ಚಿರಬಹುದು ಎಂದು ಇಬ್ಬರೂ ಅಂದುಕೊಂಡಿದ್ದೆವು. 23 ಸಲ ಬಂದದ್ದು ರಾತ್ರಿ ಹತ್ತರಿಂದ ಹನ್ನೊಂದರ ನಡುವೆ, ಅತ್ತೆಯ ಡೈಪರ್ ಬದಲಿಸಿ ಕೈ ತೊಳೆಯುವಾಗ. ಒಂದು ಕಡೆ ಹೀಗೆ ಬರೆದಿದ್ದರು: "ಬಚ್ಚಲಲ್ಲಿ. ಡೆಟಾಲ್ ವಾಸನೆ. ಅವರು ಊಟ ಆಯ್ತಾ ಅಂತ ಕೇಳ್ತಾರೆ."

ಇಲ್ಲಿಗೆ ಬಂದಾಗ, ಓ, ಇದು ಬರೀ ಒಂಟಿತನ, ಆಕರ್ಷಣೆ ಅಲ್ಲವೇ ಅಲ್ಲ ಎಂದು ಹೇಳಿಬಿಡುವ ಆಸೆ ಸಮಾಲೋಚಕರಿಗೆ ಬರುತ್ತದೆ. ಕೇಳುವವರಿಗೂ ಅದು ಹಿತ. ನಾನು ಹಾಗೆ ಹೇಳಲಿಲ್ಲ. ಉಳಿದ 18ರಲ್ಲಿ ಬೇರೆಯದಿತ್ತು. ಬಹಳ ಹೊತ್ತು ತಲೆ ತಗ್ಗಿಸಿ ಕೂತು ಸುಮಾ ಹೇಳಿದರು. "ಅವರ ಕೈ ನೋಡ್ತಾ ಇರ್ತೀನಿ ಮೇಡಂ. ಸ್ಟೇರಿಂಗ್ ಮೇಲೆ. ಚಾಕ್‌ಪೀಸ್ ಹುಡಿ ಹತ್ತಿರುತ್ತೆ." ಅವರ ನಾಚಿಕೆ ಎಲ್ಲ ಕೂತಿದ್ದದ್ದು ಈ ಮಾತಿನಲ್ಲಿ. ಒಂಟಿತನ ಎಂದಿದ್ದರೆ ಈ ಮಾತು ಒಳಗೇ ಉಳಿದು ಕೊಳೆಯುತ್ತಿತ್ತು. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ದೇಹ ಬೇರೆಯವರನ್ನು ಕಾಣುವುದನ್ನು ನಿಲ್ಲಿಸುವುದಿಲ್ಲ. ಕಂಡದ್ದು ತಪ್ಪಲ್ಲ ಎಂದು ಹೇಳಿದೆ. ಮೆಸೇಜ್ ಅಳಿಸಿದ್ದು, ಮನೆಯ ಗುಟ್ಟನ್ನು ಕಾರಿನಲ್ಲಿ ಹೇಳಿದ್ದು, ಅದು ನೀವು ಮಾಡಿದ್ದು, ಅದನ್ನು ಸರಿ ಮಾಡಬಹುದು ಎಂದೂ ಹೇಳಿದೆ. "ನಾನೇ ಕೆಟ್ಟವಳು" ಎಂದುಕೊಂಡವರಿಗೆ ಅಡಗಿಕೊಳ್ಳುವುದು ಬಿಟ್ಟರೆ ದಾರಿ ಇಲ್ಲ. "ನಾನು ಇಂಥದ್ದು ಮಾಡಿದೆ" ಎಂದುಕೊಂಡವರಿಗೆ ಮುಂದೆ ಏನು ಮಾಡಬೇಕು ಎಂಬುದು ಕಾಣುತ್ತದೆ. ಆ ದಿನದಿಂದ ಅವರು ತಲೆ ಎತ್ತಿ ಮಾತಾಡಿದರು.

ದಾರಿ ಬದಲಾಯಿಸಿದ್ದು

ಇಬ್ಬರೂ ಒಂದೇ ಶಾಲೆ. ವರ್ಗಾವಣೆ ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ಮುಖ ನೋಡದೆ ಇರುವುದು ಸಾಧ್ಯವಿರಲಿಲ್ಲ. ಬದಲಾಯಿಸಬಹುದಾದದ್ದು ಕಾರು. ಬೆಳಿಗ್ಗೆ 7:40ಕ್ಕೆ ಒಂದು ಖಾಸಗಿ ಬಸ್ ಇತ್ತು. ಅರ್ಧ ಗಂಟೆ ಬೇಗ ಹೊರಡಬೇಕು, ನಿಂತುಕೊಂಡು ಹೋಗಬೇಕು. ಸುಮಾ ಒಪ್ಪಿದರು, ಆದರೆ ಮೇಷ್ಟ್ರಿಗೆ ಎಲ್ಲ ವಿವರಿಸಿ ಬಿಡುತ್ತೇನೆ, ಇಲ್ಲದಿದ್ದರೆ ಅವರಿಗೆ ಬೇಸರವಾಗುತ್ತದೆ ಎಂದರು.

ಇದನ್ನು ನಾನು ಬಲವಾಗಿ ತಡೆದೆ. ಮುಗಿಸಲು ಆಡುವ ಕೊನೆಯ ಮಾತು ಎಷ್ಟೋ ಸಲ ಮೊದಲನೆಯ ಮಾತಾಗುತ್ತದೆ. "ನನಗೆ ನಿಮ್ಮ ಮೇಲೆ ಮನಸ್ಸಾಗಿತ್ತು, ಅದಕ್ಕೇ ದೂರ ಹೋಗ್ತಿದೀನಿ" ಎಂದರೆ ಎದುರಿನವರು "ನನಗೂ" ಎಂದುಬಿಡಬಹುದು. ಆಮೇಲೆ ಇಬ್ಬರ ನಡುವೆ ಒಂದು ಗುಟ್ಟು ಹುಟ್ಟುತ್ತದೆ. ಆ ಗುಟ್ಟಿಗೆ ಇರುವ ಬಲ ಸೆಳೆತಕ್ಕೂ ಇರುವುದಿಲ್ಲ. ಸುಮಾ ಹೇಳಿದ್ದು ಇಷ್ಟೇ: "ಸಾರ್, ಸೋಮವಾರದಿಂದ ಬಸ್ಸಿಗೆ ಬರ್ತೀನಿ. ಮನೆ ಕೆಲಸಕ್ಕೆ ಟೈಮ್ ಹೊಂದಲ್ಲ. ಪೆಟ್ರೋಲ್ ಲೆಕ್ಕ ಈ ತಿಂಗಳಿಗೆ ಕೊಟ್ಟುಬಿಡ್ತೀನಿ." ಸಂಜೆ ಶಾಲೆ ಬಿಟ್ಟ ಮೇಲೆ ಮೆಸೇಜ್ ಇಲ್ಲ, ಮನೆಯ ವಿಷಯ ಅವರ ಬಳಿ ಇಲ್ಲ. ಯಾವ ಮಾತು ಸರಿ, ಯಾವುದು ಅಲ್ಲ ಎಂಬ ಅನುಮಾನಕ್ಕೆ ಒಂದೇ ಅಳತೆ ಇಟ್ಟುಕೊಂಡೆವು. ಪ್ರಕಾಶ್ ಪಕ್ಕದಲ್ಲಿ ಕೂತಿದ್ದರೂ ಇದೇ ಮಾತನ್ನು ಇದೇ ದನಿಯಲ್ಲಿ ಆಡುತ್ತಿದ್ದೆನಾ?

ಮೊದಲ ಹತ್ತು ದಿನ ಕಷ್ಟವಾಯಿತು. ನಿದ್ದೆ ಇಲ್ಲ, ಸ್ಟಾಫ್ ರೂಮಿನಲ್ಲಿ ಕಣ್ಣೀರು. ಸರಿ ಹೋಗುವ ಮೊದಲು ಹೀಗಾಗುತ್ತದೆ ಎಂದು ಮುಂಚೆಯೇ ಹೇಳಿಟ್ಟಿದ್ದೆ, ಇಲ್ಲದಿದ್ದರೆ ಅವರು ಕಾರಿಗೆ ವಾಪಸ್ ಹೋಗುತ್ತಿದ್ದರು. ಒಂದು ಮಳೆಯ ಸಂಜೆ ಬಸ್ ತಪ್ಪಿ ಮೇಷ್ಟ್ರ ಕಾರಿನಲ್ಲೇ ಬಂದದ್ದೂ ಉಂಟು. ಆ 45 ನಿಮಿಷದಲ್ಲಿ ಎರಡು ವಾರದ ಶ್ರಮ ಕರಗಿದಂತಾಯಿತು. ಮರುದಿನ ಮತ್ತೆ ಬಸ್ಸು ಹತ್ತಿದರು.

ಗಂಡನಿಗೆ ಹೇಳಬೇಕಾ?

ಸುಮಾ ಮೊದಲ ವಾರದಿಂದಲೂ ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ನಾನು ಕಾಯಿಸಿದೆ. ಹೇಳಬೇಕು ಎಂಬುದು ನಿಯಮವೇನಲ್ಲ. ಹೊಡೆಯುವ, ಮನೆಯಿಂದ ಹಾಕುವ, ಊರೆಲ್ಲ ಸಾರುವ ಗಂಡನಾಗಿದ್ದರೆ ಬೇಡ ಎಂದೇ ಹೇಳುತ್ತಿದ್ದೆ. ಪ್ರಕಾಶ್ ವಿಷಯದಲ್ಲಿ ಆ ಭಯ ಇರಲಿಲ್ಲ. ಆದರೂ ಸುಮಾ ಹೇಳಲು ಹೊರಟಿದ್ದದ್ದು ತಮ್ಮ ಭಾರ ಇಳಿಸಿಕೊಳ್ಳಲು. ಅತ್ತು ಹೇಳಿದರೆ ಪ್ರಕಾಶ್ ಸಮಾಧಾನ ಮಾಡಬೇಕಾಗುತ್ತದೆ, ಅವರ ನೋವಿಗೆ ಜಾಗ ಇರುವುದಿಲ್ಲ. ಅಳದೆ ಮೂರು ವಿಷಯ ಹೇಳಲು ಬಂದಾಗ ಹೇಳಿ ಎಂದೆ: ಏನು ನಡೆಯಿತು, ಏನು ನಡೆಯಲಿಲ್ಲ, ಈಗಾಗಲೇ ನಾನು ಏನು ಬದಲಾಯಿಸಿದ್ದೇನೆ.

ಬಸ್ ಹತ್ತಿದ ಐದು ವಾರದ ಮೇಲೆ ಒಂದು ಭಾನುವಾರ, ಮಗಳು ಟ್ಯೂಷನ್‌ಗೆ ಹೋಗಿದ್ದಾಗ, ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಇಬ್ಬರೂ ಆರಿಸುತ್ತಿದ್ದರು. "ರೀ, ಒಂದು ವಿಷಯ ಹೇಳ್ಬೇಕು" ಎಂದು ಸುಮಾ ಹೇಳಿದರು. ಪ್ರಕಾಶ್ ಕೈ ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ಎರಡು ಪ್ರಶ್ನೆ ಕೇಳಿದರು.

"ಮುಟ್ಟಿದ್ದಾರಾ?"

"ಇಲ್ಲ."

"ಈಗಲೂ ಇದೆಯಾ?"

ಇಲ್ಲ ಎನ್ನಬಹುದಿತ್ತು. ಅವರು "ಸ್ವಲ್ಪ ಇದೆ. ಕಡಿಮೆ ಆಗ್ತಿದೆ" ಎಂದರು. ಪ್ರಕಾಶ್ ಎದ್ದು ತೋಟಕ್ಕೆ ಹೋದರು. ಎರಡು ರಾತ್ರಿ ಜಗಲಿಯಲ್ಲಿ ಮಲಗಿದರು. ಮಾತಿಲ್ಲ. ಆ ಎರಡು ದಿನ ಸುಮಾ ನನಗೆ ಎರಡು ಸಲ ಫೋನ್ ಮಾಡಿದರು. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತಾ ಎಂದು ಕೇಳಿದರು. ಅಲ್ಲ ಎಂದೆ, ಆದರೆ ನನಗೂ ಎದೆ ಭಾರವಾಗಿತ್ತು.

ಮುಂದಿನ ವಾರ ಪ್ರಕಾಶ್ ಬಂದರು. ಅವರ ಸಿಟ್ಟು ನಾನು ಅಂದುಕೊಂಡ ಕಡೆ ಇರಲಿಲ್ಲ. "ಯಾರ ಮೇಲೋ ಮನಸ್ಸಾಗಿದ್ದು ಹೇಗೋ ಅರ್ಥ ಮಾಡ್ಕೊಳ್ತೀನಿ ಮೇಡಂ. ಅಮ್ಮನಿಗೆ ಡೈಪರ್ ಹಾಕೋ ವಿಷಯ ಆ ಮೇಷ್ಟ್ರಿಗೆ ಯಾಕೆ ಹೇಳಬೇಕಿತ್ತು? ಅಮ್ಮನ ಮಾನ ಅದು. ನಂಗೆ ಹೇಳ್ಬೇಕಾದದ್ದು ಅವರಿಗೆ ಹೇಳಿದ್ದಾಳೆ." ಮನೆಯ ಗುಟ್ಟು ಹೇಳಿದ್ದು ತಪ್ಪು ಎಂದು ಗೊತ್ತಿದ್ದರೂ ಅತ್ತೆಯ ಈ ವಿಷಯವನ್ನು ಸುಮಾ ಲೆಕ್ಕಕ್ಕೇ ಸೇರಿಸಿರಲಿಲ್ಲ. ಆ ಮಾತಿಗೆ ಅವರು ಕ್ಷಮೆ ಕೇಳಿದರು. ಮೇಷ್ಟ್ರ ಕೈ ನೋಡಿದ್ದಕ್ಕೆ ಅಲ್ಲ, ಇದಕ್ಕೆ. ನನ್ನ ಪ್ರಕಾರ ಆ ಇಬ್ಬರ ನಡುವೆ ಏನಾದರೂ ತಿರುಗಿದ್ದರೆ ಅಲ್ಲೇ.

ಪ್ರಕಾಶ್ ಫೋನ್ ನೋಡಬೇಕು ಎಂದರು. ಸುಮಾ ಕೊಟ್ಟರು. ಇದಕ್ಕೆ ಮೊದಲೇ ಒಂದು ಕೊನೆ ಇಟ್ಟೆವು: ಎರಡು ತಿಂಗಳು, ಆಮೇಲೆ ಇಲ್ಲ. ಕೊನೆ ಇಡದೆ ಬಿಟ್ಟರೆ ನೋಡುವವರಿಗೆ ಚಟವಾಗುತ್ತದೆ, ತೋರಿಸುವವರಿಗೆ ಜೈಲಾಗುತ್ತದೆ. ರಾತ್ರಿ ತಾಯಿಯ ಕೆಲಸವನ್ನು ವಾರದಲ್ಲಿ ನಾಲ್ಕು ದಿನ ತಾನೇ ಮಾಡುತ್ತೇನೆ ಎಂದು ಪ್ರಕಾಶ್ ಹೇಳಿದರು. ಮೊದಲ ದಿನ ಡೈಪರ್ ತಿರುಗಾಮುರುಗಾ ಹಾಕಿದ್ದರಂತೆ. ತಾಯಿ ಎಡಗೈಯಲ್ಲಿ ತೋರಿಸಿಕೊಟ್ಟರಂತೆ.

ಇನ್ನೊಬ್ಬರಿಗೆ ನಾನು ಹೇಳುವುದಾದರೆ

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಆಗಿವೆ. ಸೆಳೆತ ಜೋರಿರುವಾಗ ಮದುವೆಯ ಕೊರತೆ ಕೇಳುವುದಿಲ್ಲ. ಮೊದಲು ದಿನಚರಿ ಕೇಳುತ್ತೇನೆ. ಯಾರ ಜೊತೆ, ಎಷ್ಟು ಹೊತ್ತು, ಎಲ್ಲಿ ಒಂಟಿಯಾಗಿ ಇರುತ್ತೀರಿ. ಇನ್ನೊಂದು, ಗುಟ್ಟು ಎಲ್ಲಿ ಹುಟ್ಟಿತು ಎಂದು ಹುಡುಕುತ್ತೇನೆ. ಸುಮಾ ಅವರ ವಿಷಯದಲ್ಲಿ ಅದು ಮೊದಲ ಮೆಸೇಜ್ ಅಳಿಸಿದ ದಿನ. ಎಲ್ಲರ ಕಥೆಯೂ ಹೀಗೇ ಮುಗಿಯುವುದಿಲ್ಲ. ದೈಹಿಕ ಸಂಬಂಧ ಆಗಿದ್ದರೆ, ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿದ್ದರೆ, ಮನೆಯಲ್ಲಿ ಹಿಂಸೆ ಇದ್ದರೆ ನಾನು ತೆಗೆದುಕೊಂಡ ಎಷ್ಟೋ ತೀರ್ಮಾನ ಅಲ್ಲಿಗೆ ಹೊಂದುವುದಿಲ್ಲ.

ಏಳು ತಿಂಗಳಲ್ಲಿ 13 ಭೇಟಿ ಆದವು. ಕೊನೆಯಲ್ಲಿ 9 ಪ್ರಶ್ನೆಗಳ ಪಟ್ಟಿಯಲ್ಲಿ 4 ಬಂತು. ಮತ್ತೆ ಮೂರು ತಿಂಗಳ ಮೇಲೆ ಬಂದಾಗ ಸುಮಾ ಹೇಳಿದರು, ಪ್ರತಿಭಾ ಕಾರಂಜಿಯ ದಿನ ಮೇಷ್ಟ್ರ ಪಕ್ಕದ ಕುರ್ಚಿಯಲ್ಲೇ ಕೂರಬೇಕಾಯಿತಂತೆ. ಎದೆ ಒಂದು ಸಲ ಹೊಡೆದುಕೊಂಡಿತು, ಆಮೇಲೆ ಮಕ್ಕಳ ಊಟದ ಲೆಕ್ಕದಲ್ಲಿ ಮರೆತುಹೋಯಿತು. ಪ್ರಕಾಶ್ ಮಾತ್ರ ಇನ್ನೂ ಆ ಶಾಲೆಯ ದಾರಿ ಹಿಡಿಯುವುದಿಲ್ಲ. ಸಂತೆಗೆ ಹೋಗುವಾಗ ಆರು ಕಿಲೋಮೀಟರ್ ಸುತ್ತಿ ಹೋಗುತ್ತಾರೆ. ವರ್ಗಾವಣೆಗೆ ಅರ್ಜಿ ಹಾಕೋಣ ಎನ್ನುತ್ತಾರೆ ಅವರು. ಸಿಗುವ ಶಾಲೆ ಇನ್ನೂ ದೂರ, ರಾತ್ರಿ ಅಮ್ಮನನ್ನು ನೋಡುವುದು ಹೇಗೆ ಎನ್ನುತ್ತಾರೆ ಸುಮಾ. ಇದರ ಬಗ್ಗೆ ಇಬ್ಬರೂ ದಿನಾ ಮಾತಾಡುತ್ತಿದ್ದಾರೆ, ಇನ್ನೂ ತೀರ್ಮಾನ ಆಗಿಲ್ಲ.